ತಂತಿಯಲ್ಲಿ ಪ್ರವಾಹ, ಸಂದಿನಲ್ಲಿ ಶೂನ್ಯ: ಪರಿಚಲನಾ ನಿಯಮಕ್ಕೆ ಸ್ಥಾನಪಲ್ಲಟ ಪ್ರವಾಹ ಏಕೆ ಬೇಕು?

ಕೆಪಾಸಿಟರ್ ಚಾರ್ಜ್ ಆಗುತ್ತಿರುವಾಗ ಒಂದು ಫಲಕಕ್ಕೆ ಬರುವ ತಂತಿಯಲ್ಲಿ ಪ್ರವಾಹವಿರುತ್ತದೆ, ಇನ್ನೊಂದು ಫಲಕದಿಂದ ಹೊರಡುವ ತಂತಿಯಲ್ಲೂ ಅಷ್ಟೇ ಪ್ರವಾಹವಿರುತ್ತದೆ. ನಡುವಿನ ಸಂದನ್ನು ಮಾತ್ರ ಒಂದು ಎಲೆಕ್ಟ್ರಾನೂ ದಾಟುವುದಿಲ್ಲ. ಪಠ್ಯಪುಸ್ತಕಗಳು ಇಲ್ಲಿಗೆ ಬಂದಾಗ ‘ಸಂದಿನಲ್ಲಿ ಸ್ಥಾನಪಲ್ಲಟ ಪ್ರವಾಹವಿದೆ’ ಎಂದು ಒಂದು ಸಾಲು ಬರೆದು, ಸೂತ್ರ ಕೊಟ್ಟು, ಮುಂದಿನ ಅಧ್ಯಾಯಕ್ಕೆ ಹೋಗಿಬಿಡುತ್ತವೆ. ತಂತಿಯ ಪ್ರವಾಹ ಕಡಿದುಹೋದ ಜಾಗಕ್ಕೆ ತೇಪೆ ಹಾಕಲು ಯಾರೋ ಕಲ್ಪಿಸಿಕೊಂಡ ಪ್ರವಾಹ ಇದು ಎಂಬ ಭಾವನೆ ಓದುವವರ ಮನಸ್ಸಿನಲ್ಲಿ ಉಳಿಯುತ್ತದೆ. ನನ್ನ ದೃಷ್ಟಿಯಲ್ಲಿ ಇದು ವಿಷಯಕ್ಕೆ ಮಾಡುವ ಅನ್ಯಾಯ. ಆ ಒಂದು ಪದವನ್ನು ಬಿಟ್ಟರೆ ಪರಿಚಲನಾ ನಿಯಮ ಒಂದೇ ಪ್ರಶ್ನೆಗೆ ಎರಡು ಉತ್ತರ ಕೊಡುತ್ತದೆ. ಎರಡು ಉತ್ತರ ಕೊಡುವುದನ್ನು ನಿಯಮವೆಂದು ಕರೆಯುವುದೇ ಕಷ್ಟ. ಅದು ಹೇಗೆ ಎಂಬುದನ್ನು ಒಂದೇ ಒಂದು ಕೆಪಾಸಿಟರ್ ಇಟ್ಟುಕೊಂಡು, ಅಂಕಿಗಳೊಂದಿಗೆ ನೋಡೋಣ.

ಮೊದಲು ನಿಯಮ. ಸ್ಥಳದಲ್ಲಿ ಯಾವುದಾದರೊಂದು ಮುಚ್ಚಿದ ಗೆರೆಯನ್ನು ಎಳೆದುಕೊಳ್ಳಿ. ಅದನ್ನು ಕುಣಿಕೆ ಎನ್ನೋಣ. ಕುಣಿಕೆಯ ಉದ್ದಕ್ಕೂ ಸಣ್ಣ ಸಣ್ಣ ಹೆಜ್ಜೆಯಿಡುತ್ತಾ ಹೋಗಿ, ಪ್ರತಿ ಹೆಜ್ಜೆಯಲ್ಲೂ ಕಾಂತಕ್ಷೇತ್ರದ ಯಾವ ಭಾಗ ಹೆಜ್ಜೆಯ ದಿಕ್ಕಿನಲ್ಲಿದೆಯೋ ಅದನ್ನು ಹೆಜ್ಜೆಯ ಉದ್ದದಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿದರೆ ಸಿಗುವ ಮೊತ್ತವೇ ಪರಿಚಲನೆ. ಆಂಪೇರ್‌ನ ಹೆಸರಿನಲ್ಲಿರುವ ನಿಯಮ ಹೇಳುವುದು ಇಷ್ಟು: ಈ ಮೊತ್ತ, ಕುಣಿಕೆಯೊಳಗಿಂದ ಹಾದುಹೋಗುವ ಪ್ರವಾಹದ μ₀ ಎಂಬ ಸ್ಥಿರಾಂಕದಷ್ಟು ಪಟ್ಟು.

∮ B·dl = μ₀ I

ಇಲ್ಲಿ ‘ಕುಣಿಕೆಯೊಳಗಿಂದ ಹಾದುಹೋಗುವ’ ಎಂಬ ಮಾತಿನ ಅರ್ಥವನ್ನು ಬಿಡಿಸಿ ನೋಡಬೇಕು. ಕುಣಿಕೆ ಬರಿಯ ಗೆರೆ. ಅದರೊಳಗಿಂದ ಏನು ಹಾದುಹೋಯಿತು ಎಂದು ಎಣಿಸಲು ಆ ಗೆರೆಯನ್ನು ಅಂಚಾಗಿ ಹೊಂದಿರುವ ಒಂದು ಮೇಲ್ಮೈ ಬೇಕು. ಯಾವ ಮೇಲ್ಮೈ? ತಂತಿಯ ಬಳೆಯನ್ನು ಸಾಬೂನಿನ ನೀರಿನಲ್ಲಿ ಅದ್ದಿ ತೆಗೆದರೆ ಅದರ ಮೇಲೆ ಚಪ್ಪಟೆಯಾದ ಪೊರೆ ನಿಲ್ಲುತ್ತದೆ. ಮೆಲ್ಲಗೆ ಊದಿದರೆ ಪೊರೆ ಚೀಲದಂತೆ ಉಬ್ಬುತ್ತದೆ, ಬಳೆ ಮಾತ್ರ ಇದ್ದಲ್ಲೇ ಇರುತ್ತದೆ. ಚಪ್ಪಟೆ ಪೊರೆಗೂ ಉಬ್ಬಿದ ಪೊರೆಗೂ ಅಂಚು ಒಂದೇ. ಪರಿಚಲನೆಯನ್ನು ಲೆಕ್ಕ ಹಾಕುವುದು ಅಂಚಿನ ಮೇಲೆ ಮಾತ್ರ; ಪೊರೆ ಹೇಗೆ ಉಬ್ಬಿದೆ ಎಂಬುದು ಆ ಲೆಕ್ಕಕ್ಕೆ ಗೊತ್ತೇ ಆಗುವುದಿಲ್ಲ. ಹಾಗಿದ್ದ ಮೇಲೆ ಸಮೀಕರಣದ ಬಲಗಡೆಯೂ ಪೊರೆಯ ಆಕಾರವನ್ನು ಅವಲಂಬಿಸಬಾರದು. ಯಾವ ಪೊರೆ ಆರಿಸಿಕೊಂಡರೂ ಅದನ್ನು ದಾಟುವ ಪ್ರವಾಹ ಒಂದೇ ಆಗಿರಬೇಕು.

ಎಲ್ಲೂ ಕಡಿಯದೆ ಸುತ್ತಿ ಬರುವ ಸ್ಥಿರ ಪ್ರವಾಹದಲ್ಲಿ ಈ ಷರತ್ತು ತಾನಾಗಿಯೇ ಪೂರೈಸುತ್ತದೆ. ತಂತಿ ಚಪ್ಪಟೆ ಪೊರೆಯನ್ನು ಚುಚ್ಚಿಕೊಂಡು ಹೋದರೆ ಉಬ್ಬಿದ ಪೊರೆಯನ್ನೂ ಎಲ್ಲಾದರೂ ಒಂದೆಡೆ ಚುಚ್ಚಲೇಬೇಕು, ಏಕೆಂದರೆ ಅದು ನಡುವೆ ಮುಗಿದುಹೋಗುವಂತಿಲ್ಲ. ಕೆಪಾಸಿಟರ್‌ನಲ್ಲಿ ತಂತಿ ಮುಗಿದುಹೋಗುತ್ತದೆ.

ಒಂದು ಕುಣಿಕೆ, ಎರಡು ಪೊರೆ

ನಮ್ಮ ಕೆಪಾಸಿಟರ್ ಹೀಗಿರಲಿ. ಎರಡು ವೃತ್ತಾಕಾರದ ಲೋಹದ ಫಲಕಗಳು, ತ್ರಿಜ್ಯ 10 ಸೆಂ.ಮೀ., ನಡುವೆ 2 ಮಿ.ಮೀ. ಸಂದು, ಸಂದಿನಲ್ಲಿ ಗಾಳಿ. ಫಲಕಗಳು ಒಂದರ ಕೆಳಗೊಂದು ಅಡ್ಡಲಾಗಿ ಇವೆ. ಮೇಲಿನ ಫಲಕದ ನಡುಮಧ್ಯಕ್ಕೆ ನೇರವಾದ ತಂತಿಯೊಂದು ಮೇಲಿನಿಂದ ಇಳಿದು ಬಂದು ಸೇರಿದೆ. ಕೆಳಗಿನ ಫಲಕದ ಮಧ್ಯದಿಂದ ಇನ್ನೊಂದು ತಂತಿ ಕೆಳಕ್ಕೆ ಹೊರಟಿದೆ. ತಂತಿಯಲ್ಲಿ 0.1 ಆಂಪಿಯರ್‌ನ ಸ್ಥಿರ ಪ್ರವಾಹವನ್ನು ಕೆಳಮುಖವಾಗಿ ತಳ್ಳುತ್ತಿದ್ದೇವೆ.

ಈ ಕೆಪಾಸಿಟರ್‌ನ ಧಾರಕತೆ ಸುಮಾರು 139 ಪಿಕೋಫ್ಯಾರಡ್. ಇಷ್ಟು ಪುಟ್ಟ ಧಾರಕತೆಗೆ 0.1 ಆಂಪಿಯರ್ ಭಾರೀ ಪ್ರವಾಹವೇ. ಒಂದು ಮೈಕ್ರೋಸೆಕೆಂಡಿನಲ್ಲಿ ಫಲಕಗಳ ನಡುವಿನ ವೋಲ್ಟೇಜು ಸುಮಾರು 720 ವೋಲ್ಟ್ ಏರುತ್ತದೆ. ಗಾಳಿ ಸಾಮಾನ್ಯವಾಗಿ ಪ್ರತಿ ಮಿಲಿಮೀಟರಿಗೆ ಸುಮಾರು 3,000 ವೋಲ್ಟ್ ತಡೆದುಕೊಳ್ಳುತ್ತದೆ. ಆದ್ದರಿಂದ ಎಂಟು ಮೈಕ್ರೋಸೆಕೆಂಡುಗಳ ಆಸುಪಾಸಿನಲ್ಲಿ ಸಂದಿನಲ್ಲಿ ಕಿಡಿ ಹಾರುತ್ತದೆ. ನಮಗೆ ಮೊದಲಿನ ಒಂದೆರಡು ಮೈಕ್ರೋಸೆಕೆಂಡು ಸಾಕು. ಆ ಅವಧಿಯಲ್ಲಿ ಗಾಳಿ ಅಪ್ಪಟ ನಿರೋಧಕ, ಸಂದಿನಲ್ಲಿ ಆವೇಶದ ಹರಿವು ಇಲ್ಲ.

ಈಗ ಮೇಲಿನ ತಂತಿಯ ಸುತ್ತ, ತಂತಿಯನ್ನೇ ಕೇಂದ್ರವಾಗಿಸಿ, 20 ಸೆಂ.ಮೀ. ತ್ರಿಜ್ಯದ ವೃತ್ತಾಕಾರದ ಕುಣಿಕೆಯೊಂದನ್ನು ಎಳೆಯೋಣ. ಚಪ್ಪಟೆ ಪೊರೆಯನ್ನು ಆರಿಸಿಕೊಂಡರೆ ತಂತಿ ಅದನ್ನು ನೇರವಾಗಿ ಚುಚ್ಚುತ್ತದೆ. ದಾಟುವ ಪ್ರವಾಹ 0.1 ಆಂಪಿಯರ್. ಸಮಮಿತಿಯಿಂದಾಗಿ ಕುಣಿಕೆಯ ಮೇಲೆ ಎಲ್ಲೆಡೆ ಕಾಂತಕ್ಷೇತ್ರದ ಪ್ರಮಾಣ ಒಂದೇ, ಆದ್ದರಿಂದ B = μ₀I/(2πr), ಅಂದರೆ 0.1 ಮೈಕ್ರೋಟೆಸ್ಲಾ. ಅದೇ ಕುಣಿಕೆಗೆ ಉಬ್ಬಿದ ಪೊರೆಯನ್ನು ಹಾಕಿ. ಅದು ಕೆಳಕ್ಕೆ ಜೋತುಬಿದ್ದು, ಮೇಲಿನ ಫಲಕವನ್ನು ಪೂರ್ತಿ ತನ್ನ ಹೊಟ್ಟೆಯೊಳಗೆ ಹಾಕಿಕೊಂಡು, ತನ್ನ ತಳವನ್ನು ಎರಡು ಫಲಕಗಳ ನಡುವಿನ ಸಂದಿನಲ್ಲಿ ಹಾಯಿಸುತ್ತದೆ. ಈ ಪೊರೆಯನ್ನು ಯಾವ ತಂತಿಯೂ ಮುಟ್ಟುವುದಿಲ್ಲ. ದಾಟುವ ಪ್ರವಾಹ ಸೊನ್ನೆ. ಹಾಗಾದರೆ B ಕೂಡ ಸೊನ್ನೆ.

ಕುಣಿಕೆ ಅದೇ, ಕ್ಷಣ ಅದೇ, ಆದರೂ ಒಂದು ಲೆಕ್ಕದಲ್ಲಿ 0.1 ಮೈಕ್ರೋಟೆಸ್ಲಾ, ಇನ್ನೊಂದರಲ್ಲಿ ಸೊನ್ನೆ. ಆ ಜಾಗದಲ್ಲಿ ಅಳತೆಗೋಲಿಟ್ಟರೆ ಒಂದೇ ಓದು ಬರಬೇಕಲ್ಲವೇ? ‘ಚಪ್ಪಟೆ ಪೊರೆಯನ್ನೇ ಬಳಸಿ, ಉಬ್ಬಿದ್ದನ್ನು ಬಿಡಿ’ ಎಂಬ ಸಲಹೆ ಇಲ್ಲಿ ಕೆಲಸಕ್ಕೆ ಬಾರದು. ಕುಣಿಕೆಯನ್ನು ಸಂದಿನ ಮಟ್ಟಕ್ಕೆ ಇಳಿಸಿದರೆ ಚಪ್ಪಟೆ ಪೊರೆಯೇ ಸೊನ್ನೆ ಕೊಡುತ್ತದೆ, ಮೇಲಕ್ಕೆ ಉಬ್ಬಿದ್ದು 0.1 ಆಂಪಿಯರ್ ಕೊಡುತ್ತದೆ.

ಚೀಲದ ಬಾಯಿ ಮುಚ್ಚಿದರೆ

ಈ ಎರಡು ಪೊರೆಗಳನ್ನು ಬೇರೆ ಬೇರೆಯಾಗಿ ನೋಡುವ ಬದಲು ಒಟ್ಟಿಗೆ ನೋಡೋಣ. ಚಪ್ಪಟೆ ಪೊರೆ ಮುಚ್ಚಳ, ಉಬ್ಬಿದ ಪೊರೆ ಚೀಲ. ಎರಡೂ ಸೇರಿ ಮೇಲಿನ ಫಲಕವನ್ನು ಎಲ್ಲ ಕಡೆಯಿಂದ ಸುತ್ತುವರಿದ ಮುಚ್ಚಿದ ಮೇಲ್ಮೈಯಾಗುತ್ತವೆ. ಮುಚ್ಚಳದ ಮೂಲಕ ಸೆಕೆಂಡಿಗೆ 0.1 ಕೂಲಂಬ್ ಆವೇಶ ಒಳಬರುತ್ತಿದೆ. ಚೀಲದ ಮೂಲಕ ಏನೂ ಹೊರಹೋಗುತ್ತಿಲ್ಲ. ಒಳಬಂದದ್ದು ಮಾಯವಾಗುವುದಿಲ್ಲ, ಫಲಕದ ಮೇಲೆ ಶೇಖರವಾಗುತ್ತದೆ. ಎರಡು ಪೊರೆಗಳ ಲೆಕ್ಕ ತಾಳೆಯಾಗದಿರುವುದಕ್ಕೆ ಕಾರಣ ಇದೇ: ಅವುಗಳ ವ್ಯತ್ಯಾಸ, ಆವೇಶ ಶೇಖರವಾಗುವ ವೇಗಕ್ಕೆ ಕರಾರುವಾಕ್ಕಾಗಿ ಸಮ.

ಈಗ ಗೌಸ್‌ನ ನಿಯಮ ನೆರವಿಗೆ ಬರುತ್ತದೆ. ಮುಚ್ಚಿದ ಮೇಲ್ಮೈಯೊಳಗೆ Q ಆವೇಶವಿದ್ದರೆ ಅದರಿಂದ ಹೊರಬರುವ ಒಟ್ಟು ವಿದ್ಯುತ್ ಫ್ಲಕ್ಸ್, ಅಂದರೆ ಮೇಲ್ಮೈಯನ್ನು ಲಂಬವಾಗಿ ದಾಟುವ ವಿದ್ಯುತ್ ಕ್ಷೇತ್ರವನ್ನು ವಿಸ್ತೀರ್ಣದಿಂದ ಗುಣಿಸಿ ಕೂಡಿಸಿದ ಮೊತ್ತ, Q/ε₀; ಇಲ್ಲಿ ε₀ ಒಂದು ಸ್ಥಿರಾಂಕ. ಅಂದರೆ ಚೀಲದೊಳಗೆ ಆವೇಶ ಬೆಳೆಯುತ್ತಿರುವುದನ್ನು ಒಳಗೆ ಇಣುಕಿ ನೋಡಬೇಕಾಗಿಲ್ಲ. ಚೀಲದ ಮೈಯ ಮೇಲೆಯೇ ಅದು ಕಾಣುತ್ತದೆ. ಫ್ಲಕ್ಸ್ Φ ಬೆಳೆಯುವ ವೇಗವನ್ನು ε₀ನಿಂದ ಗುಣಿಸಿದರೆ ಆವೇಶ ಶೇಖರವಾಗುವ ವೇಗ ಸಿಗುತ್ತದೆ.

ε₀ dΦ/dt = dQ/dt

ಈ ಸಾಲಿನ ಎಡಗಡೆಯಲ್ಲಿರುವುದರ ಮಾನ ಆಂಪಿಯರ್. ಇದನ್ನೇ ಸ್ಥಾನಪಲ್ಲಟ ಪ್ರವಾಹ ಎನ್ನುತ್ತೇವೆ. ಮೇಲ್ಮೈಯನ್ನು ದಾಟುವ ನಿಜವಾದ ಆವೇಶದ ಹರಿವಿಗೆ, ಅಂದರೆ ವಹನ ಪ್ರವಾಹಕ್ಕೆ, ಅದೇ ಮೇಲ್ಮೈಯ ಸ್ಥಾನಪಲ್ಲಟ ಪ್ರವಾಹವನ್ನು ಸೇರಿಸಿಬಿಟ್ಟರೆ, ಮುಚ್ಚಳದಿಂದ ಒಳಬರುವ ಮೊತ್ತ ಚೀಲದಿಂದ ಹೊರಹೋಗುವ ಮೊತ್ತಕ್ಕೆ ಯಾವಾಗಲೂ ಸಮವಾಗುತ್ತದೆ. ಪೊರೆ ಹೇಗೆ ಉಬ್ಬಿದರೂ ಉತ್ತರ ಒಂದೇ. ನಿಯಮ ಹೀಗಾಗುತ್ತದೆ:

∮ B·dl = μ₀ (I + ε₀ dΦ/dt)

ಈ ವಾದದಲ್ಲಿ ಫಲಕಗಳು ವೃತ್ತಾಕಾರವಾಗಿವೆ, ಸಂದು ಕಿರಿದಾಗಿದೆ ಎಂಬುದನ್ನೆಲ್ಲ ಎಲ್ಲಿಯೂ ಬಳಸಿಲ್ಲ ಎಂಬುದನ್ನು ಗಮನಿಸಿ. ಫಲಕದ ಅಂಚಿನಿಂದ ಕ್ಷೇತ್ರ ಹೊರಕ್ಕೆ ಬಾಗಿದ್ದರೂ, ಅದರ ಒಂದಿಷ್ಟು ಭಾಗ ಮುಚ್ಚಳವನ್ನೇ ದಾಟಿ ಹೋದರೂ, ಸಮಾನತೆ ಹಾಗೆಯೇ ನಿಲ್ಲುತ್ತದೆ. ಬಳಸಿದ್ದು ಎರಡೇ ಸಂಗತಿ: ಆವೇಶ ನಾಶವಾಗುವುದಿಲ್ಲ, ಮತ್ತು ಗೌಸ್‌ನ ನಿಯಮ ಪ್ರತಿ ಕ್ಷಣವೂ ನಿಜ. ಸಮಾಂತರ ಫಲಕಗಳ ಕೆಪಾಸಿಟರ್ ಈ ಕೊರತೆಯನ್ನು ಬಯಲಿಗೆಳೆಯುವ ಅನುಕೂಲಕರ ಉದಾಹರಣೆ ಮಾತ್ರ. ಆವೇಶ ಎಲ್ಲೇ ಕೂಡಿಬೀಳುತ್ತಿರಲಿ, ಹಳೆಯ ನಿಯಮ ಅಲ್ಲಿ ಎಡವುತ್ತದೆ.

ನಮ್ಮ ಕೆಪಾಸಿಟರ್‌ನಲ್ಲಿ ಸಂದು ತ್ರಿಜ್ಯಕ್ಕಿಂತ ಐವತ್ತು ಪಟ್ಟು ಕಿರಿದು. ಆದ್ದರಿಂದ ವಿದ್ಯುತ್ ಕ್ಷೇತ್ರ ಬಹುಪಾಲು ಸಂದಿನೊಳಗೇ ಇದೆ, ಅಂಚಿನ ತೆಳು ಪಟ್ಟಿಯನ್ನು ಬಿಟ್ಟರೆ ಏಕರೂಪವಾಗಿಯೇ ಇದೆ. ಅದು ಬೆಳೆಯುವ ವೇಗ I/(ε₀A). ಅಂಕಿ ಹಾಕಿದರೆ ಪ್ರತಿ ಸೆಕೆಂಡಿಗೆ ಪ್ರತಿ ಮೀಟರಿಗೆ ಸುಮಾರು 3.6 × 10¹¹ ವೋಲ್ಟ್. ಇದನ್ನು ಫಲಕದ ವಿಸ್ತೀರ್ಣದಿಂದಲೂ ε₀ನಿಂದಲೂ ಗುಣಿಸಿ ನೋಡಿದರೆ 0.1 ಆಂಪಿಯರ್ ಮರಳಿ ಬರುತ್ತದೆ. 20 ಸೆಂ.ಮೀ. ಕುಣಿಕೆಯ ಮೇಲೆ ಕಾಂತಕ್ಷೇತ್ರ 0.1 ಮೈಕ್ರೋಟೆಸ್ಲಾ ಎಂಬುದು ಈಗ ಎರಡು ಪೊರೆಗಳೂ ಒಪ್ಪುವ ಉತ್ತರ. ಕುಣಿಕೆಯನ್ನು ತಂತಿಯ ಮಟ್ಟದಿಂದ ಸಂದಿನ ಮಟ್ಟಕ್ಕೆ ಇಳಿಸಿದರೂ, ತ್ರಿಜ್ಯ 20 ಸೆಂ.ಮೀ. ಆಗಿಯೇ ಇದ್ದರೆ, ಉತ್ತರ ಬದಲಾಗುವುದಿಲ್ಲ. ಫಲಕಗಳ ಹೊರಗೆ ನಿಂತು ಕಾಂತಕ್ಷೇತ್ರವನ್ನು ಮಾತ್ರ ಅಳೆಯುವವರಿಗೆ ತಂತಿ ಎಲ್ಲಿ ಮುಗಿಯಿತು, ಸಂದು ಎಲ್ಲಿ ಬಂತು ಎಂಬ ಸುಳಿವೇ ಸಿಗದು.

ಫಲಕದೊಳಗೆ ನಡೆಯುವುದು

ಫಲಕಗಳ ಹೊರಗಿನ ಕಥೆ ಇಷ್ಟು. ನನಗೆ ಅದಕ್ಕಿಂತ ಹೆಚ್ಚು ಮೆಚ್ಚುಗೆಯಾಗುವುದು ಸಂದಿನ ಒಳಗಿನ ಕಥೆ. ಅಲ್ಲಿ ಸ್ಥಾನಪಲ್ಲಟ ಪ್ರವಾಹದ ಲೆಕ್ಕವನ್ನು, ಅದನ್ನು ಬಳಸದೆಯೇ, ಬೇರೊಂದು ದಾರಿಯಿಂದ ಪರೀಕ್ಷಿಸಬಹುದು.

ಕುಣಿಕೆಯನ್ನು ಸಂದಿನೊಳಕ್ಕೇ ತೆಗೆದುಕೊಂಡು ಹೋಗೋಣ. ತ್ರಿಜ್ಯ 5 ಸೆಂ.ಮೀ., ಅಂದರೆ ಫಲಕದ ತ್ರಿಜ್ಯದ ಅರ್ಧ. ಚಪ್ಪಟೆ ಪೊರೆ ಪೂರ್ತಿ ಸಂದಿನಲ್ಲಿದೆ, ಅದನ್ನು ದಾಟುವುದು ಸ್ಥಾನಪಲ್ಲಟ ಪ್ರವಾಹ ಮಾತ್ರ. ಪೊರೆಯ ವಿಸ್ತೀರ್ಣ ಫಲಕದ ವಿಸ್ತೀರ್ಣದ ಕಾಲುಭಾಗ, ಕ್ಷೇತ್ರ ಏಕರೂಪ; ಆದ್ದರಿಂದ ದಾಟುವ ಪ್ರವಾಹವೂ ಕಾಲುಭಾಗ, 0.025 ಆಂಪಿಯರ್. ಅದರಿಂದ B = 0.1 ಮೈಕ್ರೋಟೆಸ್ಲಾ. ಅಕ್ಷದ ಮೇಲೆ ಸೊನ್ನೆಯಿಂದ ಶುರುವಾಗಿ, ಹೊರಗೆ ಹೋದಂತೆ ದೂರಕ್ಕೆ ಅನುಪಾತದಲ್ಲಿ ಏರಿ, ಫಲಕದ ಅಂಚಿನಲ್ಲಿ 0.2 ಮೈಕ್ರೋಟೆಸ್ಲಾ ಮುಟ್ಟಿ, ಅಲ್ಲಿಂದಾಚೆಗೆ ಇಳಿಯುತ್ತದೆ.

ಈಗ ಅದೇ 5 ಸೆಂ.ಮೀ. ಕುಣಿಕೆಗೆ ಬೇರೊಂದು ಪೊರೆಯನ್ನು ಹೊಂದಿಸೋಣ. ಅದು ಮೇಲಕ್ಕೆ ಉಬ್ಬಿ, ಲೋಟದ ಆಕಾರ ತಳೆದು, ಲೋಟದ ಗೋಡೆ ಮೇಲಿನ ಫಲಕವನ್ನು ಸೀಳಿಕೊಂಡು ಹೋಗಿ, ಫಲಕದ ಮೇಲೆ ತಂತಿಗೆ ಅಡ್ಡಲಾಗಿ ಮುಚ್ಚಿಕೊಳ್ಳುತ್ತದೆ. ಫಲಕದ ಮೇಲುಗಡೆ ವಿದ್ಯುತ್ ಕ್ಷೇತ್ರ ಹೆಚ್ಚುಕಡಿಮೆ ಇಲ್ಲ. ಲೋಹದೊಳಗೂ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಈ ಪೊರೆಯನ್ನು ದಾಟುವ ಸ್ಥಾನಪಲ್ಲಟ ಪ್ರವಾಹ ನಗಣ್ಯ. ಉಳಿಯುವುದು ವಹನ ಪ್ರವಾಹ. ತಂತಿಯಿಂದ 0.1 ಆಂಪಿಯರ್ ಒಳಬರುತ್ತದೆ. ಹಾಗಾದರೆ ಉತ್ತರ ಮತ್ತೆ 0.1 ಆಂಪಿಯರ್ ಆಗಿ, ಹೊಸ ನಿಯಮವೂ ತಾಳೆ ತಪ್ಪಿತೇ?

ಲೋಟದ ಗೋಡೆ ಫಲಕವನ್ನು ಸೀಳುವ ಜಾಗವನ್ನು ಹತ್ತಿರದಿಂದ ನೋಡಬೇಕು. ಆವೇಶ ತಂತಿಯಿಂದ ಫಲಕದ ಮಧ್ಯಕ್ಕೆ ಬಂದು ಅಲ್ಲೇ ಗುಡ್ಡೆ ಬೀಳುವುದಿಲ್ಲ. ಫಲಕದ ತುಂಬ ಸಮನಾಗಿ ಹರಡಬೇಕಾದ್ದರಿಂದ ಅದು ಮಧ್ಯದಿಂದ ಅಂಚಿನ ಕಡೆಗೆ ಎಲ್ಲ ದಿಕ್ಕುಗಳಲ್ಲೂ ಹರಿಯುತ್ತದೆ. 5 ಸೆಂ.ಮೀ. ವೃತ್ತದೊಳಗೆ ಫಲಕದ ಕಾಲುಭಾಗವಿದೆ, ಅದಕ್ಕೆ ಕಾಲುಭಾಗ ಆವೇಶ ಸಾಕು. ಉಳಿದ ಮುಕ್ಕಾಲು ಭಾಗ, 0.075 ಆಂಪಿಯರ್, ಆ ವೃತ್ತವನ್ನು ದಾಟಿ ಹೊರಗಿನ ಭಾಗಕ್ಕೆ ಹೋಗುತ್ತಿದೆ. ಅಂದರೆ ಅದು ಲೋಟದ ಗೋಡೆಯ ಮೂಲಕ ಹೊರಹೋಗುತ್ತಿದೆ. ಕುಣಿಕೆಯ ಲೆಕ್ಕದಲ್ಲಿ ಇದನ್ನು ಕಳೆಯಬೇಕು: 0.1 ರಲ್ಲಿ 0.075 ಕಳೆದರೆ 0.025 ಆಂಪಿಯರ್. ಚಪ್ಪಟೆ ಪೊರೆ ಸ್ಥಾನಪಲ್ಲಟ ಪ್ರವಾಹದಿಂದ ಕೊಟ್ಟ ಉತ್ತರ ಇದೇ ಆಗಿತ್ತು.

ಅಪ್ಪಟ ತಂತಿ ಮತ್ತು ಲೋಹದ ಪ್ರವಾಹಗಳಿಂದ ಬಂದ ಸಂಖ್ಯೆಯೂ, ಖಾಲಿ ಸಂದಿನಲ್ಲಿ ಬೆಳೆಯುತ್ತಿರುವ ವಿದ್ಯುತ್ ಕ್ಷೇತ್ರದಿಂದ ಬಂದ ಸಂಖ್ಯೆಯೂ ಒಂದೇ. ಫಲಕದ ಎರಡು ಬದಿಗಳನ್ನೂ ಇದೇ ರೀತಿ ಹೋಲಿಸಬಹುದು. ಅಕ್ಷದಿಂದ 5 ಸೆಂ.ಮೀ. ದೂರದಲ್ಲಿ ಫಲಕದ ಮೇಲುಗಡೆ, ತಂತಿಯ ಪೂರ್ತಿ 0.1 ಆಂಪಿಯರ್‌ನ ಸುತ್ತ, ಕಾಂತಕ್ಷೇತ್ರ 0.4 ಮೈಕ್ರೋಟೆಸ್ಲಾ. ಫಲಕವನ್ನು ದಾಟಿ ಸಂದಿಗೆ ಇಳಿದ ಕೂಡಲೇ 0.1 ಮೈಕ್ರೋಟೆಸ್ಲಾ. ನಡುವಿನ 0.3 ಮೈಕ್ರೋಟೆಸ್ಲಾ ಜಿಗಿತಕ್ಕೆ ಕಾರಣ ಫಲಕದಲ್ಲಿ ಹೊರಮುಖವಾಗಿ ಹರಿಯುವ 0.075 ಆಂಪಿಯರ್. ಅಂಚಿಗೆ ಹೋದಂತೆ ಹರಿಯುವುದಕ್ಕೆ ಉಳಿದಿರುವ ಆವೇಶ ಕಡಿಮೆಯಾಗುತ್ತಾ ಹೋಗುತ್ತದೆ, ಜಿಗಿತವೂ ಕುಗ್ಗುತ್ತದೆ. ಅಂಚಿನಲ್ಲಿ ಎರಡೂ ಬದಿ 0.2 ಮೈಕ್ರೋಟೆಸ್ಲಾ.

ಹಾಗಾದರೆ ಸಂದಿನ ಕಾಂತಕ್ಷೇತ್ರವನ್ನು ‘ಉಂಟುಮಾಡುವುದು’ ಯಾವುದು? ಸ್ಥಾನಪಲ್ಲಟ ಪ್ರವಾಹವೋ, ಫಲಕದ ಪ್ರವಾಹವೋ? ಅನೇಕ ಪುಸ್ತಕಗಳು ಮೊದಲನೆಯದನ್ನು ಖಚಿತವಾಗಿ ಹೇಳಿಬಿಡುತ್ತವೆ. ನಿಧಾನವಾಗಿ ಬದಲಾಗುವ ಕ್ಷೇತ್ರಗಳ ಮಟ್ಟಿಗೆ ನಾನು ಅದನ್ನು ಒಪ್ಪುವುದಿಲ್ಲ. ಒಂಟಿ ಬಿಂದುವೊಂದರ ಮೇಲೆ ಆವೇಶ ಬೆಳೆಯುತ್ತಿದೆ ಎಂದುಕೊಳ್ಳಿ. ಅದರ ಸುತ್ತಲಿನ ವಿದ್ಯುತ್ ಕ್ಷೇತ್ರ ಎಲ್ಲ ದಿಕ್ಕಿನಲ್ಲೂ ಸಮನಾಗಿ ಬೆಳೆಯುತ್ತದೆ. ಅಷ್ಟು ಸಮಮಿತಿಯ ಬದಲಾವಣೆಯನ್ನು, ಪ್ರವಾಹದ ಪ್ರತಿ ತುಣುಕು ಕೊಡುವ ಕಾಂತಕ್ಷೇತ್ರವನ್ನು ಕೂಡಿಸುತ್ತಾ ಹೋಗುವ ಬಯೋ–ಸವಾರ್ ನಿಯಮಕ್ಕೆ ಹಾಕಿದರೆ ಬರುವ ಕಾಂತಕ್ಷೇತ್ರ ಸೊನ್ನೆ, ಏಕೆಂದರೆ ಕಾಂತಕ್ಷೇತ್ರ ಯಾವ ದಿಕ್ಕಿಗೆ ಸುತ್ತಬೇಕು ಎಂದು ಹೇಳುವ ಯಾವ ಗುರುತೂ ಅಲ್ಲಿಲ್ಲ. ಕೆಪಾಸಿಟರ್‌ನ ಕ್ಷೇತ್ರ ಇಂಥ ಅಸಂಖ್ಯ ಬಿಂದುಗಳ ಕ್ಷೇತ್ರಗಳ ಮೊತ್ತ. ಆದ್ದರಿಂದ ಬಯೋ–ಸವಾರ್ ವಿಧಾನದಲ್ಲಿ ತಂತಿ ಮತ್ತು ಫಲಕಗಳ ಪ್ರವಾಹಗಳನ್ನಷ್ಟೇ ಕೂಡಿಸಿದರೂ ಸರಿಯಾದ ಕಾಂತಕ್ಷೇತ್ರ ಬರುತ್ತದೆ. ಪರಿಚಲನಾ ನಿಯಮಕ್ಕೆ ಸ್ಥಾನಪಲ್ಲಟ ಪದ ಬೇಕೇ ಬೇಕು, ಏಕೆಂದರೆ ಅದು ಕೇಳುವುದು ಬೇರೆ ಪ್ರಶ್ನೆಯನ್ನು: ಈ ಕುಣಿಕೆಗೆ ಅಂಟಿದ ಯಾವುದೇ ಪೊರೆಯನ್ನು ಏನು ದಾಟುತ್ತಿದೆ? ಕಾರಣ ಯಾವುದು ಎಂಬ ಪ್ರಶ್ನೆಯನ್ನೂ, ಲೆಕ್ಕ ತಾಳೆಯಾಗುತ್ತದೆಯೇ ಎಂಬ ಪ್ರಶ್ನೆಯನ್ನೂ ಬೆರೆಸಿದಾಗಲೇ ಈ ಅಧ್ಯಾಯ ಗೋಜಲಾಗುತ್ತದೆ.

ಎಡವುವ ಜಾಗಗಳು

ಲೆಕ್ಕ ಮಾಡುವಾಗ ಸಾಮಾನ್ಯವಾಗಿ ಕಾಣುವ ತಪ್ಪು, ಒಂದೇ ಪೊರೆಗೆ ತಂತಿಯ ಪ್ರವಾಹವನ್ನೂ ಸಂದಿನ ಸ್ಥಾನಪಲ್ಲಟ ಪ್ರವಾಹವನ್ನೂ ಒಟ್ಟಿಗೆ ಸೇರಿಸುವುದು. ನಮ್ಮ ಉದಾಹರಣೆಯಲ್ಲಿ ಹಾಗೆ ಮಾಡಿದರೆ 0.2 ಆಂಪಿಯರ್ ಬಂದು, ಕಾಂತಕ್ಷೇತ್ರ ಸರಿಯಾಗಿ ಎರಡು ಪಟ್ಟಾಗುತ್ತದೆ. ಸೂತ್ರದಲ್ಲಿ ಎರಡು ಪದಗಳಿರುವುದು ನಿಜ, ಆದರೆ ಎರಡನ್ನೂ ಒಂದೇ ಪೊರೆಯ ಮೇಲೆ ಎಣಿಸಬೇಕು. ಇನ್ನೊಂದು ತಪ್ಪು, ಸಂದಿನ ಹೊರಗಿನ ದೊಡ್ಡ ಕುಣಿಕೆಗೆ ಇಡೀ ಕುಣಿಕೆಯ ವಿಸ್ತೀರ್ಣವನ್ನು dE/dt ಯಿಂದ ಗುಣಿಸುವುದು. 20 ಸೆಂ.ಮೀ. ಕುಣಿಕೆಗೆ ಹೀಗೆ ಮಾಡಿದರೆ ನಾಲ್ಕು ಪಟ್ಟು ಹೆಚ್ಚು ಬರುತ್ತದೆ. ಕ್ಷೇತ್ರವಿರುವುದು ಫಲಕಗಳ ನಡುವೆ ಮಾತ್ರ. ಸ್ಥಾನಪಲ್ಲಟ ಪ್ರವಾಹದ ಮೊತ್ತ ತಂತಿಯ ಪ್ರವಾಹವನ್ನು ಮೀರಿತೆಂದರೆ ಎಲ್ಲೋ ಇಂಥ ಜಾಗದಲ್ಲಿ ಲೆಕ್ಕ ತಪ್ಪಿದೆ ಎಂದು ತಿಳಿಯಬಹುದು.

ಇವೆರಡಕ್ಕಿಂತ ಆಳದ ತಪ್ಪು, ಕ್ಷೇತ್ರದ ಬಲವನ್ನೂ ಅದು ಬದಲಾಗುವ ವೇಗವನ್ನೂ ಒಂದೇ ಎಂದು ಭಾವಿಸುವುದು. ಒಂದು ಮೈಕ್ರೋಸೆಕೆಂಡಿನ ನಂತರ ಪ್ರವಾಹವನ್ನು ನಿಲ್ಲಿಸಿಬಿಡಿ. 720 ವೋಲ್ಟ್ ಹಾಗೆಯೇ ಇದೆ, ಸಂದಿನ ವಿದ್ಯುತ್ ಕ್ಷೇತ್ರ ಪ್ರತಿ ಮೀಟರಿಗೆ 3.6 ಲಕ್ಷ ವೋಲ್ಟ್ ಇದೆ, ಆದರೆ ಕಾಂತಕ್ಷೇತ್ರ ಇಲ್ಲ. ತದ್ವಿರುದ್ಧವಾಗಿ, ಚಾರ್ಜ್ ಆಗಲು ಶುರುವಾದ ಆರಂಭದ ಕ್ಷಣಗಳಲ್ಲಿ ವಿದ್ಯುತ್ ಕ್ಷೇತ್ರ ಸೊನ್ನೆಗೆ ಹತ್ತಿರವಿದ್ದರೂ ಕಾಂತಕ್ಷೇತ್ರ ಪೂರ್ಣ ಪ್ರಮಾಣದಲ್ಲಿರುತ್ತದೆ. ಡಿಸ್ಚಾರ್ಜ್ ಮಾಡುವಾಗ ವಿದ್ಯುತ್ ಕ್ಷೇತ್ರ ಇನ್ನೂ ಕೆಳಮುಖವಾಗಿಯೇ ಇದ್ದು ಕ್ಷೀಣಿಸುತ್ತಿರುತ್ತದೆ. ಆಗ ಸ್ಥಾನಪಲ್ಲಟ ಪ್ರವಾಹದ ದಿಕ್ಕು ಮೇಲ್ಮುಖ, ತಂತಿಯಲ್ಲಿ ಮರಳಿ ಹೊರಡುವ ಪ್ರವಾಹದ ದಿಕ್ಕಿನಂತೆಯೇ.

ಸಂದಿನಲ್ಲಿ ಗಾಳಿಯ ಬದಲು ಸಾಪೇಕ್ಷ ಪರ್ಮಿಟಿವಿಟಿ 4 ಇರುವ, ಅಂದರೆ ಧಾರಕತೆಯನ್ನು ನಾಲ್ಕು ಪಟ್ಟು ಮಾಡುವ, ನಿರೋಧಕವನ್ನು ತುಂಬಿದರೆ ಒಂದು ವಿಶೇಷ ಕಾಣುತ್ತದೆ. ತಂತಿಯ ಪ್ರವಾಹ ಅಷ್ಟೇ ಇಟ್ಟರೆ ಸಂದಿನ ಒಟ್ಟು ಸ್ಥಾನಪಲ್ಲಟ ಪ್ರವಾಹವೂ 0.1 ಆಂಪಿಯರ್ ಆಗಿಯೇ ಉಳಿಯುತ್ತದೆ. ಆದರೆ ಅದರ ಮುಕ್ಕಾಲು ಪಾಲು ಈಗ ವಸ್ತುವಿನ ಅಣುಗಳೊಳಗಿನ ಆವೇಶಗಳು ಒಂಚೂರು ಸರಿಯುವುದರಿಂದ ಬಂದದ್ದು, ಅಂದರೆ ನಿಜವಾದ ಆವೇಶದ ಚಲನೆ. ಕಾಲುಭಾಗವಷ್ಟೇ ε₀ dΦ/dt. ನಿರ್ವಾತದಲ್ಲಿ ಸರಿಯಲು ಏನೂ ಇಲ್ಲ. ಅಲ್ಲಿ ಪೂರ್ತಿಯೂ ಬದಲಾಗುವ ಕ್ಷೇತ್ರದ್ದೇ.

ಮ್ಯಾಕ್ಸ್‌ವೆಲ್ ಬಂದ ದಾರಿ

ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಈ ಕೆಪಾಸಿಟರ್ ಒಗಟನ್ನು ಎದುರಿಗಿಟ್ಟುಕೊಂಡು ಹೊಸ ಪದವನ್ನು ಕಂಡುಕೊಂಡರು ಎಂದು ಹೇಳುವುದುಂಟು. ಅದು ಬೋಧನೆಯ ಅನುಕೂಲಕ್ಕೆ ಬೆಳೆದ ಕಥೆ. 1861–62ರಲ್ಲಿ ಪ್ರಕಟವಾದ ಅವರ ಲೇಖನಮಾಲೆಯಲ್ಲಿ ಸ್ಥಾನಪಲ್ಲಟ ಬರುವುದು ಈಥರ್ ಎಂಬ ಸ್ಥಿತಿಸ್ಥಾಪಕ ಮಾಧ್ಯಮದ ಯಾಂತ್ರಿಕ ಮಾದರಿಯೊಂದರ ಭಾಗವಾಗಿ: ವಿದ್ಯುತ್ ಬಲಕ್ಕೆ ಒಳಗಾದ ಮಾಧ್ಯಮದ ಕಣಗಳು ತಮ್ಮ ಜಾಗದಿಂದ ತುಸು ಸರಿಯುತ್ತವೆ, ಬಲ ಬದಲಾದರೆ ಆ ಸರಿತವೂ ಬದಲಾಗುತ್ತದೆ, ಅದೂ ಒಂದು ಪ್ರವಾಹವೇ ಎಂಬ ಚಿತ್ರ. ಆ ಮಾದರಿ ಈಗ ಇಲ್ಲ, ಸಮೀಕರಣದ ಪದ ಉಳಿದಿದೆ. ಅದೇ ಮಾಧ್ಯಮದಲ್ಲಿ ಅಲೆಗಳು ಯಾವ ವೇಗದಲ್ಲಿ ಸಾಗಬೇಕು ಎಂದು ವೆಬರ್ ಮತ್ತು ಕೋಲ್‌ರೌಷ್ 1856ರಲ್ಲಿ ಮಾಡಿದ ವಿದ್ಯುತ್ ಅಳತೆಯಿಂದ ಲೆಕ್ಕ ಹಾಕಿದಾಗ ಮ್ಯಾಕ್ಸ್‌ವೆಲ್‌ಗೆ ಸೆಕೆಂಡಿಗೆ 3,10,740 ಕಿ.ಮೀ. ಸಿಕ್ಕಿತು. ಫ್ರೆಂಚ್ ಭೌತವಿಜ್ಞಾನಿ ಫಿಜೋ ಬೆಳಕಿಗೆ ಅಳೆದಿದ್ದ ವೇಗಕ್ಕೆ ಅದು ತೀರ ಹತ್ತಿರವಿತ್ತು.

ಇಲ್ಲಿ ತರ್ಕದ ಒಂದು ಮಿತಿಯನ್ನೂ ಹೇಳಬೇಕು. ಆವೇಶ ಉಳಿಯುತ್ತದೆ ಎಂಬ ವಾದ, ಹಳೆಯ ನಿಯಮ ಸಾಲದು ಎಂಬುದನ್ನು ಖಚಿತವಾಗಿ ತೋರಿಸುತ್ತದೆ. ಆದರೆ ಸೇರಿಸಬೇಕಾದ ಪದ ಸರಿಯಾಗಿ ಇದೇ ಎಂದು ಪೂರ್ತಿಯಾಗಿ ಸಾಧಿಸುವುದಿಲ್ಲ. ಯಾವ ಮುಚ್ಚಿದ ಮೇಲ್ಮೈಯಿಂದಲೂ ನಿವ್ವಳವಾಗಿ ಹೊರಬರದ ಇನ್ನೇನನ್ನಾದರೂ ಇದರ ಜೊತೆಗೆ ಸೇರಿಸಿದರೂ ಪೊರೆಗಳ ಲೆಕ್ಕ ತಾಳೆಯಾಗುತ್ತಿತ್ತು. ತೀರ್ಮಾನ ಪ್ರಯೋಗದಿಂದ ಬರಬೇಕಾಗಿತ್ತು. 1887–88ರ ಸುಮಾರಿಗೆ ಹೈನ್ರಿಖ್ ಹರ್ಟ್ಸ್ ವಿದ್ಯುತ್ಕಾಂತ ಅಲೆಗಳನ್ನು ಪ್ರಯೋಗಾಲಯದಲ್ಲಿ ಹುಟ್ಟಿಸಿ, ಹಿಡಿದು ತೋರಿಸಿದಾಗ ಅದು ಬಂತು.

ಕೆಪಾಸಿಟರ್‌ನೊಳಗಿನ ಕಾಂತಕ್ಷೇತ್ರವನ್ನು ನೇರವಾಗಿ ಅಳೆಯುವುದು ಏಕೆ ಕಷ್ಟ ಎಂಬುದು ಅಂಕಿಗಳಿಂದಲೇ ಗೊತ್ತಾಗುತ್ತದೆ. ನಮ್ಮ 0.2 ಮೈಕ್ರೋಟೆಸ್ಲಾ ಕೂಡ ಭೂಮಿಯ ಕಾಂತಕ್ಷೇತ್ರದ ಇನ್ನೂರರಲ್ಲಿ ಒಂದು ಭಾಗದ ಆಸುಪಾಸು, ಅದೂ ಕೆಲವೇ ಮೈಕ್ರೋಸೆಕೆಂಡು. ಇದೇ ಕೆಪಾಸಿಟರ್‌ಗೆ 50 ಹರ್ಟ್ಸ್‌ನ 100 ವೋಲ್ಟ್ ಕೊಟ್ಟರೆ ಪ್ರವಾಹ 4.4 ಮೈಕ್ರೋಆಂಪಿಯರ್, ಅಂಚಿನಲ್ಲಿ ಕಾಂತಕ್ಷೇತ್ರ ಸುಮಾರು 9 ಪಿಕೋಟೆಸ್ಲಾ. ಇದು ಭೂಮಿಯ ಕ್ಷೇತ್ರಕ್ಕಿಂತ ಸುಮಾರು ಐವತ್ತು ಲಕ್ಷ ಪಟ್ಟು ಚಿಕ್ಕದು. 1985ರಲ್ಲಿ ಬಾರ್ಟ್ಲೆಟ್ ಮತ್ತು ಕಾರ್ಲ್ ಎಂಬ ಇಬ್ಬರು ಭೌತವಿಜ್ಞಾನಿಗಳು ಸ್ಕ್ವಿಡ್ ಎಂಬ ಅತಿಸೂಕ್ಷ್ಮ ಅತಿವಾಹಕ ಸಂವೇದಕವನ್ನು ಬಳಸಿ, ವೃತ್ತಾಕಾರದ ಫಲಕಗಳ ನಡುವಿನ ಕಾಂತಕ್ಷೇತ್ರವನ್ನು ಅಳೆದರು. ಅಕ್ಷದಿಂದ ದೂರ ಹೋದಂತೆ ಅದು ದೂರಕ್ಕೆ ಅನುಪಾತದಲ್ಲಿಯೇ ಏರಿತು.

ಮೇಲಿನ ಲೆಕ್ಕಗಳೆಲ್ಲ, ಬದಲಾವಣೆ ನಿಧಾನವಾಗಿದೆ ಎಂಬ ಊಹೆಯ ಮೇಲೆ ನಿಂತಿವೆ. ನಿಧಾನ ಎಂದರೆ, ಬೆಳಕು ಫಲಕದ ಮಧ್ಯದಿಂದ ಅಂಚಿಗೆ ಹೋಗಲು ತೆಗೆದುಕೊಳ್ಳುವ ಸಮಯಕ್ಕೆ ಹೋಲಿಸಿದರೆ ನಿಧಾನ. 10 ಸೆಂ.ಮೀ.ಗೆ ಬೆಳಕಿಗೆ ಬೇಕಾಗುವುದು ನ್ಯಾನೋಸೆಕೆಂಡಿನ ಮೂರನೇ ಒಂದು ಭಾಗ. ಒಂದು ಮೈಕ್ರೋಸೆಕೆಂಡು ಅದರ ಮುಂದೆ ಮೂರು ಸಾವಿರ ಪಟ್ಟು ದೀರ್ಘ. ಆವರ್ತನವನ್ನು ಏರಿಸುತ್ತಾ ಹೋದರೆ ಊಹೆ ಸಡಿಲವಾಗುತ್ತದೆ. ಬದಲಾಗುವ ಕಾಂತಕ್ಷೇತ್ರ ಫ್ಯಾರಡೆಯ ನಿಯಮದಂತೆ ತನ್ನದೇ ವಿದ್ಯುತ್ ಕ್ಷೇತ್ರವನ್ನು ಪ್ರೇರಿಸುತ್ತದೆ. ಅದು ಮಧ್ಯಕ್ಕೂ ಅಂಚಿಗೂ ಬೇರೆ ಬೇರೆಯಾಗಿರುವುದರಿಂದ ಕ್ಷೇತ್ರ ಏಕರೂಪವಾಗಿ ಉಳಿಯುವುದಿಲ್ಲ. ಈ ಪ್ರೇರಿತ ಕ್ಷೇತ್ರ ಯಾವ ಆವೇಶಬಿಂದುವಿನಿಂದಲೂ ಹೊರಟದ್ದಲ್ಲ. ಆದ್ದರಿಂದ ಸಮಮಿತಿಯ ಹೆಸರಿನಲ್ಲಿ ಅದನ್ನು ಬದಿಗಿಡುವಂತಿಲ್ಲ, ತಂತಿ ಮತ್ತು ಫಲಕಗಳ ಪ್ರವಾಹಗಳನ್ನಷ್ಟೇ ಕೂಡಿಸಿ ಮುಗಿಸುವ ದಾರಿಯೂ ಇಲ್ಲಿ ಮುಚ್ಚಿಹೋಗುತ್ತದೆ. ನಮ್ಮ ಕೆಪಾಸಿಟರ್‌ನಲ್ಲಿ ಆವರ್ತನ ಸುಮಾರು 1.15 ಗಿಗಾಹರ್ಟ್ಸ್ ಮುಟ್ಟಿದಾಗ ಅಂಚಿನಲ್ಲಿ ವಿದ್ಯುತ್ ಕ್ಷೇತ್ರ ಪೂರ್ತಿ ಸೊನ್ನೆಯಾಗುತ್ತದೆ. ಆಗ ಅಂಚಿನ ಸುತ್ತ ಲೋಹದ ಗೋಡೆ ಕಟ್ಟಿ ಮುಚ್ಚಿದರೂ ಒಳಗಿನ ಕ್ಷೇತ್ರಗಳು ಹಾಗೆಯೇ ನಡೆಯುತ್ತವೆ. ತಂತಿಗಳ ಹಂಗಿಲ್ಲದೆ ವಿದ್ಯುತ್ ಕ್ಷೇತ್ರವೂ ಕಾಂತಕ್ಷೇತ್ರವೂ ಒಂದನ್ನೊಂದು ನಡೆಸುವ ಆ ಪೆಟ್ಟಿಗೆಯನ್ನು ಮೈಕ್ರೋವೇವ್ ಎಂಜಿನಿಯರುಗಳು ಅನುರಣನ ಕುಹರ ಎನ್ನುತ್ತಾರೆ.